105 ಬಂದ ಮೇಲೆ

ತ್ರೀಡಿ ಪ್ರಿಂಟರ್ ಇಟ್ಟುಕೊಂಡವರಲ್ಲಿ ಎರಡು ಜಾತಿ. ಬೆಡ್ ಕಾದಿದೆ ಎಂದು ಪರದೆ ಹೇಳಿದ ಕೂಡಲೇ ಪ್ರಿಂಟ್ ಒತ್ತುವವರು ಒಂದು ಜಾತಿ, ಹೇಳಿದ ಮೇಲೂ ಕುರ್ಚಿ ಎಳೆದುಕೊಂಡು ಕೂರುವವರು ಇನ್ನೊಂದು. ನಾನು ಎರಡನೆಯ ಜಾತಿಗೆ ಸೇರಿದವನು. ಪಕ್ಕದ ಮನೆಯ ಪಿಯುಸಿ ಹುಡುಗ ಮೊದಲನೆಯದಕ್ಕೆ ಸೇರಿದವನು. ಭಾನುವಾರ ಬೆಳಿಗ್ಗೆ ಬಂದು ನನ್ನ ಹೆಗಲ ಮೇಲಿಂದ ಇಣುಕಿ ನೋಡುತ್ತಾನೆ.

“ಅಂಕಲ್, 105 ಆಗಿ ಎಷ್ಟೊತ್ತಾಯ್ತು! ಶುರು ಮಾಡೋದಲ್ವಾ?”

“ಆ 105 ಯಾವ ಜಾಗದ್ದು ಹೇಳು, ಶುರು ಮಾಡೋಣ” ಎನ್ನುತ್ತೇನೆ.

ಅದು ಒಂದೇ ಒಂದು ಜಾಗದ್ದು. ನನ್ನ ಪ್ರಿಂಟರಿನ ಬೆಡ್ ಎಂದರೆ 300 ಮಿಲಿಮೀಟರ್ ಚೌಕದ, 8 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಹಲಗೆ. ತೂಗಿದರೆ ಎರಡು ಕಿಲೋ ಹತ್ತಿರ ಬರುತ್ತದೆ. ಅದರ ತಳಕ್ಕೆ ಸಿಲಿಕೋನ್ ಹೀಟರ್ ಅಂಟಿಸಿದೆ, ಹೀಟರಿನ ಮಗ್ಗುಲಲ್ಲೇ ಕಾಳಿನಷ್ಟು ದೊಡ್ಡ ಥರ್ಮಿಸ್ಟರ್ ಕೂತಿದೆ. ಪರದೆಯ ಮೇಲಿನ ಅಂಕಿ ಆ ಕಾಳಿನ ಹೇಳಿಕೆ ಮಾತ್ರ. ಹಲಗೆಯ ಮೇಲ್ಮೈ ಇನ್ನೂ ಕೆಲವು ಡಿಗ್ರಿ ಹಿಂದಿರುತ್ತದೆ, ಮೂಲೆಗಳು ಇನ್ನಷ್ಟು ಹಿಂದೆ. ಹಲಗೆಯನ್ನು ಹೊತ್ತ ಚೌಕಟ್ಟು, ನಾಝಲ್ ಹೊತ್ತ ಅಡ್ಡಪಟ್ಟಿ, ಒಳಗಿನ ಗಾಳಿ, ಇವಕ್ಕೆಲ್ಲ ಬಿಸಿಯ ಸುದ್ದಿಯೇ ಮುಟ್ಟಿರುವುದಿಲ್ಲ. ಈ ಸುದ್ದಿ ಎಲ್ಲ ಕಡೆ ಮುಟ್ಟಿ, ಇನ್ನು ಬದಲಾಗುವುದೇನೂ ಉಳಿಯಲಿಲ್ಲ ಎನ್ನುವವರೆಗೆ ಕಾಯುವುದಕ್ಕೆ ನಮ್ಮ ಹವ್ಯಾಸದವರು ಹೀಟ್ ಸೋಕ್ ಎನ್ನುತ್ತಾರೆ.

ಕಾಯುವಾಗ ನಾನು ನೋಡುವುದು ಡಿಗ್ರಿಯನ್ನಲ್ಲ, ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಓಡುವ ಪವರ್ ಶೇಕಡಾವನ್ನು. ಡಿಗ್ರಿ ಎಂಟು ಹತ್ತು ನಿಮಿಷದಲ್ಲಿ ಗುರಿ ಮುಟ್ಟಿ ಸುಮ್ಮನಾಗುತ್ತದೆ. ಪವರ್ ಸುಮ್ಮನಾಗುವುದಿಲ್ಲ. 105 ಮುಟ್ಟಿದ ಹೊತ್ತಿಗೆ ಅದು 60ರ ಆಸುಪಾಸಿನಲ್ಲಿರುತ್ತದೆ. ಹಲಗೆ ತನಗೆ ಸಿಕ್ಕಿದ್ದನ್ನು ತಣ್ಣಗಿನ ಗಾಳಿಗೂ ಚೌಕಟ್ಟಿಗೂ ಹಂಚುತ್ತಲೇ ಇದೆ, ಹೀಟರ್ ತುಂಬಿಕೊಡುತ್ತಲೇ ಇದೆ ಎಂದು ಅದರ ಅರ್ಥ. ಆಮೇಲೆ ಅದು 50, 45, 40 ಎಂದು ನಿಧಾನವಾಗಿ ಇಳಿಯುತ್ತಾ 30ರ ಸುತ್ತ ಎಲ್ಲೋ ನಿಲ್ಲುತ್ತದೆ. ಅಲ್ಲಿ ನಿಂತರೆ ಒಳಗೆ ಬರುವ ಬಿಸಿಗೂ ಹೊರಗೆ ಸೋರುವ ಬಿಸಿಗೂ ಲೆಕ್ಕ ಚುಕ್ತಾ. ಒಳಗಿನ ಗಾಳಿಗೆಂದು ಬೇರೆ ಥರ್ಮಿಸ್ಟರ್ ಇದ್ದರೆ ಅದೂ ಹೆಚ್ಚು ಕಡಿಮೆ ಅದೇ ಹೊತ್ತಿಗೆ ಮಟ್ಟಸವಾಗುತ್ತದೆ. ಮೈಸೂರಿನ ಡಿಸೆಂಬರ್ ಬೆಳಗಿಗೆ ಈ ಇಳಿತ ಬಹಳ ಉದ್ದ, ಏಪ್ರಿಲ್ ಮಧ್ಯಾಹ್ನಕ್ಕೆ ಚುಟುಕು. ಹಾಗಾಗಿ ‘ಇಷ್ಟು ನಿಮಿಷ ಕಾಯಿರಿ’ ಎಂಬ ಸಲಹೆಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಇಷ್ಟೆಲ್ಲ ಕಾಯುವುದು ಯಾವುದಕ್ಕಾಗಿ? 0.2 ಮಿಲಿಮೀಟರ್‌ಗಾಗಿ. ಮೊದಲ ಪದರದ ದಪ್ಪ ಅಷ್ಟೇ. ನಾಝಲ್ ಅಷ್ಟು ಎತ್ತರದಲ್ಲಿ ಓಡುತ್ತಾ ಕರಗಿದ ಪ್ಲಾಸ್ಟಿಕ್ ಎಳೆಯನ್ನು ಹಲಗೆಗೆ ಒತ್ತಿ ಕೂರಿಸಬೇಕು. ಎತ್ತರ 0.05 ಹೆಚ್ಚಾದರೆ ಕಾಲು ಪಾಲು ಹೆಚ್ಚಾದಂತೆ. ಆಗ ಎಳೆಗಳು ಮೈಗೆ ಮೈ ತಾಗದೆ ದುಂಡಗೆ ಬಿಡಿಬಿಡಿಯಾಗಿ ಬೀಳುತ್ತವೆ, ಉಗುರಿನಿಂದ ಕೆದಕಿದರೆ ದಾರದಂತೆ ಕಿತ್ತು ಬರುತ್ತವೆ. ಎತ್ತರ 0.05 ಕಡಿಮೆಯಾದರೆ ಹೋಗಲು ಜಾಗವಿಲ್ಲದ ಪ್ಲಾಸ್ಟಿಕ್ ನಾಝಲ್‌ನ ಎರಡೂ ಮಗ್ಗುಲಲ್ಲಿ ಏಣಾಗಿ ಏಳುತ್ತದೆ, ಮೇಲೆ ಬೆರಳಾಡಿಸಿದರೆ ತರಿತರಿ. ಸರಿಯಾಗಿದ್ದರೆ ಎಳೆಗಳ ನಡುವಿನ ಗೆರೆ ಓರೆ ಬೆಳಕಿಗೆ ಮಾತ್ರ ಕಾಣುತ್ತದೆ, ಬೆರಳಿಗೆ ಸಿಗುವುದಿಲ್ಲ.

ಈ 0.05 ಎಲ್ಲಿಂದ ಬರುತ್ತದೆ ಎಂದು ಹುಡುಕುತ್ತಾ ಹೋಗುವುದೇ ನನಗೆ ಪ್ರಿಂಟಿಗಿಂತ ಹೆಚ್ಚು ಖುಷಿ ಕೊಡುವ ಕೆಲಸ. ಬಹಳ ಜನ ಮೊದಲು ಅನುಮಾನಿಸುವುದು ಹಲಗೆ ದಪ್ಪಗಾಗುವುದನ್ನು. ಲೆಕ್ಕ ಹಾಕಿದರೆ ಅದು ನಿರಪರಾಧಿ. ಅಲ್ಯೂಮಿನಿಯಂ ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 23 ಪಾಲು ಹಿಗ್ಗುತ್ತದೆ. 8 ಮಿಲಿಮೀಟರ್ ದಪ್ಪಕ್ಕೆ 80 ಡಿಗ್ರಿ ಏರಿಸಿದರೆ ಬರುವುದು 0.015 ಮಿಲಿಮೀಟರ್. ಆದರೆ ಅಗಲಕ್ಕೆ ಇದೇ ಲೆಕ್ಕ ಹಾಕಿ. 300 ಮಿಲಿಮೀಟರ್ ಹಲಗೆ ಅರ್ಧ ಮಿಲಿಮೀಟರ್‌ಗಿಂತ ಹೆಚ್ಚು ಬೆಳೆಯುತ್ತದೆ. ನಾಲ್ಕೂ ಮೂಲೆಯನ್ನು ಇನ್ನೂ ತಣ್ಣಗಿರುವ ಚೌಕಟ್ಟಿಗೆ ಸ್ಕ್ರೂ ಹಾಕಿ ಬಿಗಿದಿದ್ದರೆ ಆ ಬೆಳವಣಿಗೆಗೆ ಜಾಗ ಇಲ್ಲ. ಹಲಗೆ ಮೇಲಕ್ಕೋ ಕೆಳಕ್ಕೋ ಡೊಂಕಾಗುತ್ತದೆ. ಅದಕ್ಕೇ ಒಂದು ಸ್ಕ್ರೂ ಮಾತ್ರ ಗಟ್ಟಿ ಮಾಡಿ ಉಳಿದವನ್ನು ಹಲಗೆ ಜಾರುವಷ್ಟು ಸಡಿಲ ಬಿಡುವುದು.

ನನ್ನ ಮಟ್ಟಿಗೆ ದೊಡ್ಡ ಕಳ್ಳ ಹಲಗೆಯ ಮೇಲಿದ್ದಾನೆ, ನಾಝಲ್ ಓಡಾಡುವ ಅಡ್ಡಪಟ್ಟಿಯಲ್ಲಿ. ಅದು ಅಲ್ಯೂಮಿನಿಯಂ ಕಂಬಿ, ಅದರ ತಳಕ್ಕೆ ಉದ್ದಕ್ಕೂ ಸ್ಕ್ರೂ ಹಾಕಿ ಉಕ್ಕಿನ ರೈಲು ಕೂರಿಸಿದ್ದಾರೆ. ಉಕ್ಕು ಹಿಗ್ಗುವುದು ಅಲ್ಯೂಮಿನಿಯಂನ ಅರ್ಧದಷ್ಟು. ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿ 25ರಿಂದ 55 ಡಿಗ್ರಿಗೆ ಏರಿದಾಗ 400 ಮಿಲಿಮೀಟರ್ ಉದ್ದದ ಈ ಜೋಡಿಯಲ್ಲಿ ಅಲ್ಯೂಮಿನಿಯಂ ತನ್ನ ಸಂಗಾತಿಗಿಂತ ಸುಮಾರು 0.14 ಮಿಲಿಮೀಟರ್ ಹೆಚ್ಚು ಉದ್ದವಾಗಲು ನೋಡುತ್ತದೆ. ಬಿಟ್ಟು ಹೋಗುವಂತಿಲ್ಲ, ಸ್ಕ್ರೂ ಹಾಕಿದೆ. ಇಸ್ತ್ರಿ ಪೆಟ್ಟಿಗೆಯ ಥರ್ಮೋಸ್ಟಾಟಿನೊಳಗಿನ ಎರಡು ಲೋಹದ ಪಟ್ಟಿ ಕಾದಾಗ ಬಾಗಿ ಕರೆಂಟ್ ಕಡಿಯುತ್ತದಲ್ಲ, ಇಲ್ಲೂ ನಡೆಯುವುದು ಅದೇ. ಮೇಲಿನ ಅಲ್ಯೂಮಿನಿಯಂ ಹೆಚ್ಚು ಹಿಗ್ಗಿದ್ದರಿಂದ ಪಟ್ಟಿ ನಡುವೆ ಮೇಲಕ್ಕೆ ಉಬ್ಬುತ್ತದೆ, ಜೊತೆಗೆ ನಾಝಲ್ ಕೂಡ ಏರುತ್ತದೆ. ಸ್ಕ್ರೂಗಳು ಸ್ವಲ್ಪ ಜಾರಿಕೊಟ್ಟರೂ 0.05 ಎಂಬುದು ಈ ಉಬ್ಬಿಗೆ ಏನೂ ಅಲ್ಲ. ರೈಲು ಮೇಲ್ಗಡೆ ಇರುವ ಯಂತ್ರದಲ್ಲಿ ಇದೇ ಆಟ ತಿರುಗಾಮುರುಗಾ, ಅಲ್ಲಿ ನಾಝಲ್ ಇಳಿಯುತ್ತದೆ.

ಈಗ ಒಂದು ಪ್ರಿಂಟನ್ನೇ ತೆಗೆದುಕೊಳ್ಳೋಣ. 200 ಮಿಲಿಮೀಟರ್ ಚೌಕದ ಎಬಿಎಸ್ ತಟ್ಟೆ, ಸ್ಕ್ರೂ-ನಟ್ಟು ಹಾಕಿಡುವುದಕ್ಕೆ. ಎಳೆಯ ಅಗಲ 0.45, ಮೊದಲ ಪದರದ ವೇಗ ಸೆಕೆಂಡಿಗೆ 50 ಮಿಲಿಮೀಟರ್. ಅಷ್ಟು ಜಾಗ ತುಂಬಲು ಸುಮಾರು 89 ಮೀಟರ್ ಎಳೆ ಬೇಕು, ಎಂದರೆ ಹತ್ತಿರ ಹತ್ತಿರ ಅರ್ಧ ಗಂಟೆ. ಬೆಳಿಗ್ಗೆ ತಣ್ಣಗಿನ ಯಂತ್ರಕ್ಕೆ 105 ಬಂದ ಕೂಡಲೇ ಎತ್ತರ ಅಳೆಸಿ ಶುರು ಮಾಡಿದಿರಿ ಎನ್ನಿ. ಅಳತೆ ತಪ್ಪಲ್ಲ, ಆ ಕ್ಷಣಕ್ಕೆ ಅದು ಸರಿಯೇ. ಸ್ಲೈಸರ್ ಎಡ ಮುಂದಿನ ಮೂಲೆಯಿಂದ ಓರೆಯಾಗಿ ತುಂಬುತ್ತಾ ಬರುತ್ತದೆ. ಆ ಮೂಲೆ ಚೆಂದ ಬರುತ್ತದೆ. ನಡುವಿಗೆ ಬರುವಷ್ಟರಲ್ಲಿ ಗೆರೆಗಳು ಎದ್ದು ಕಾಣತೊಡಗುತ್ತವೆ. ಬಲ ಹಿಂದಿನ ಮೂಲೆಗೆ ಬಂದಾಗ ಎಳೆಗಳ ನಡುವೆ ಬೆಡ್ಡೇ ಇಣುಕುತ್ತದೆ. ನೋಡಿದವರು ಯಾರಾದರೂ ‘ಆ ಮೂಲೆ ತಗ್ಗಾಗಿದೆ, ಲೆವೆಲ್ ಮಾಡಿ’ ಎಂದೇ ಹೇಳುತ್ತಾರೆ.

ನಾನು ಲೆವೆಲ್ ಮುಟ್ಟುವುದಿಲ್ಲ. ಸ್ಲೈಸರಿನಲ್ಲಿ ಅದೇ ತಟ್ಟೆಯನ್ನು 180 ಡಿಗ್ರಿ ತಿರುಗಿಸಿ, ತುಂಬುವ ಗೆರೆಗಳ ದಿಕ್ಕನ್ನೂ ಬದಲಿಸಿ, ಕೊನೆಗೆ ಹಾಕಿದ ಮೂಲೆ ಮೊದಲು ಬರುವಂತೆ ಮಾಡುತ್ತೇನೆ. ಯಂತ್ರ ಪೂರ್ತಿ ಆರಿದ ಮೇಲೆ ಮತ್ತೆ ತಣ್ಣಗಿನಿಂದಲೇ ಹಾಕುತ್ತೇನೆ. ಸಡಿಲ ಎಳೆಗಳು ಅದೇ ಬಲ ಹಿಂದಿನ ಮೂಲೆಯಲ್ಲೇ ಬಿದ್ದರೆ ದೋಷ ಜಾಗದ್ದು, ಬೆಡ್ಡಿನದ್ದು. ಈ ಸಲ ಎಡ ಮುಂದೆ ಬಿದ್ದರೆ, ಎಂದರೆ ಎಲ್ಲಿ ಕೊನೆಗೆ ತುಂಬಿತೋ ಅಲ್ಲೇ ಬಿದ್ದರೆ, ದೋಷ ಹೊತ್ತಿನದ್ದು. ಹೊತ್ತಿನ ದೋಷಕ್ಕೆ ಮೂಲೆಯ ಸ್ಕ್ರೂ ತಿರುಗಿಸಿದರೆ ನಾಳೆ ಎರಡು ದೋಷ ಇರುತ್ತವೆ.

ಬೆಳಗಿನ ಪ್ರಿಂಟಿಗೂ ಮಧ್ಯಾಹ್ನದ ಪ್ರಿಂಟಿಗೂ ತಾಳೆಯಾಗದಿರುವ ಗುಟ್ಟೂ ಇದೇ. ಬೆಳಿಗ್ಗೆ ಪದರ ಸಡಿಲ ಎನಿಸಿ ಝಡ್ ಆಫ್‌ಸೆಟ್ ಒಂದಿಷ್ಟು ಇಳಿಸಿ ಉಳಿಸಿಕೊಂಡವರು, ಕಾದ ಯಂತ್ರದಲ್ಲಿ ಎರಡನೆಯ ಪ್ರಿಂಟ್ ಹಾಕಿದಾಗ ನಾಝಲ್ ಹಲಗೆಯನ್ನು ಉಜ್ಜುವುದನ್ನು ನೋಡುತ್ತಾರೆ, ಮತ್ತೆ ಏರಿಸುತ್ತಾರೆ. ಹೀಗೆ ದಿನಾ ಏರಿಸಿ ಇಳಿಸಿ ‘ಈ ಮಷಿನ್ನಿಗೆ ಮೂಡ್ ಇದೆ’ ಎನ್ನುವವರನ್ನು ಕಂಡಿದ್ದೇನೆ. ಮೂಡ್ ಏನಿಲ್ಲ. ಏರುತ್ತಿರುವ ಪಟ್ಟಿಗೆ ಕೊಟ್ಟ ತಿದ್ದುಪಡಿಯನ್ನು ಏರಿ ನಿಂತ ಪಟ್ಟಿಗೂ ಕೊಡುತ್ತಿದ್ದಾರೆ ಅಷ್ಟೆ. ಕಾದ ಯಂತ್ರದಲ್ಲಿ ಪಟ್ಟಿ ಪ್ರಿಂಟ್ ಶುರುವಾಗುವ ಮೊದಲೇ ಏರಿ ಮುಗಿಸಿರುತ್ತದೆ, ಅಳತೆಗೂ ಅದು ಆಗಲೇ ಸೇರಿರುತ್ತದೆ.

ಹಾಗಾಗಿ ಅಳೆಯುವುದು ಯಾವಾಗ ಎನ್ನುವುದು ಮುಖ್ಯ. ಕ್ಲಿಪ್ಪರ್ ಬಳಸುವ ನನ್ನ ಪ್ರಿಂಟರಿನಲ್ಲಿ ಶುರುವಿನ ಸಾಲುಗಳು ಹೀಗಿವೆ:

```
M190 S105
G4 P1200000
G28
BED_MESH_CALIBRATE
```

105 ಬರುವವರೆಗೆ ಕಾಯಿ, ಆಮೇಲೆ ಇಪ್ಪತ್ತು ನಿಮಿಷ ಸುಮ್ಮನಿರು, ಅದಾದ ಮೇಲೆ ಮೂಲಸ್ಥಾನ ಹುಡುಕಿ ಮೇಲ್ಮೈಯ ನಕ್ಷೆ ಅಳೆ. ಇಪ್ಪತ್ತು ನಿಮಿಷ ನನ್ನ ಯಂತ್ರದ ಪವರ್ ಗೆರೆ ನೋಡಿ ಇಟ್ಟದ್ದು. ಚಳಿಗಾಲಕ್ಕೆ ಹೆಚ್ಚಿಸುತ್ತೇನೆ, ಯಂತ್ರ ಆಗಲೇ ಕಾದಿದ್ದರೆ ಆ ಸಾಲನ್ನೇ ಬಿಡುತ್ತೇನೆ. ಕಾಯುವ ಹೊತ್ತಿನಲ್ಲಿ ನಾಝಲನ್ನು ಬೆಡ್ಡಿನ ನಡುವೆ ತಗ್ಗಿನಲ್ಲಿ ನಿಲ್ಲಿಸಿ ಅದರ ಫ್ಯಾನ್ ಓಡಿಸಿದರೆ ಗಾಳಿ ಕಲಕಿ ಪೆಟ್ಟಿಗೆ ಬೇಗ ಕಾಯುತ್ತದೆ.

ಕಾಯದೆ ದಾಟಿಸುವ ಉಪಾಯವೂ ಕ್ಲಿಪ್ಪರಿನಲ್ಲಿ ಇದೆ. `z_thermal_adjust` ಎಂಬ ವಿಭಾಗದಲ್ಲಿ ಚೌಕಟ್ಟಿನ ಒಂದು ಥರ್ಮಿಸ್ಟರ್ ತೋರಿಸಿ, `temp_coeff` ಎಂದು ಡಿಗ್ರಿಗೆ ಇಷ್ಟು ಮಿಲಿಮೀಟರ್ ಎಂದು ಕೊಟ್ಟರೆ, ಚೌಕಟ್ಟು ಕಾದಂತೆಲ್ಲ ಅದು ನಾಝಲನ್ನು ಇಳಿಸುತ್ತಾ ಹೋಗುತ್ತದೆ. ಚೌಕಟ್ಟು ಒಟ್ಟಾಗಿ ಬೆಳೆಯುವುದಕ್ಕೆ ಇದು ಒಳ್ಳೆಯ ಮದ್ದು. ಪಟ್ಟಿ ನಡುವೆ ಹೆಚ್ಚು, ತುದಿಗೆ ಕಡಿಮೆ ಉಬ್ಬಿದರೆ ಒಂದೇ ಅಂಕಿಯಿಂದ ಅದನ್ನು ತಿದ್ದಲು ಆಗುವುದಿಲ್ಲ. ನನಗಂತೂ ಕುರ್ಚಿಯೇ ವಾಸಿ.

ತೆರೆದ ಪ್ರಿಂಟರಿನಲ್ಲಿ 60 ಡಿಗ್ರಿಗೆ ಪಿಎಲ್‌ಎ ಹಾಕುವವರು ಈ ರಗಳೆಯಲ್ಲಿ ಬಹುಪಾಲು ಓದಿ ಮರೆಯಬಹುದು. ಚೌಕಟ್ಟು ಕೋಣೆಯಷ್ಟೇ ತಣ್ಣಗಿರುತ್ತದೆ, ಐದಾರು ನಿಮಿಷ ಸಾಕು. ಬೆಡ್ಡಿನ ಮೇಲೆ ಗಾಜು ಇಟ್ಟವರು ಇನ್ನಷ್ಟು ತಾಳಬೇಕು, ಗಾಜು ಬಿಸಿ ಸಾಗಿಸುವುದರಲ್ಲಿ ಮಹಾ ಸೋಮಾರಿ. ಆದರೆ ಅಲ್ಲೂ ಅಳೆಯುವ ಸಾಧನವೇ ಕಾದು ಮಾತು ಬದಲಿಸುವುದುಂಟು. ಪ್ರೂಸಾ ಕಂಪನಿಯ ಎಂಕೆ3 ಯಂತ್ರದಲ್ಲಿ ಲೋಹವನ್ನು ಮುಟ್ಟದೆ ಗುರುತಿಸುವ ಪಿಂಡಾ ಎಂಬ ಪ್ರೋಬ್ ಇತ್ತು. ಬಿಸಿ ಬೆಡ್ಡಿನ ಮೇಲೆ ನಿಂತು ಕಾದಂತೆ ಅದು ಬೇರೆ ಎತ್ತರದಲ್ಲಿ ‘ಸಿಕ್ಕಿತು’ ಎನ್ನುತ್ತಿತ್ತು. ಅದಕ್ಕೇ ಅದರೊಳಗೊಂದು ಥರ್ಮಿಸ್ಟರ್ ಇಟ್ಟು ಡಿಗ್ರಿಗೆ ತಕ್ಕಂತೆ ತಿದ್ದುವ ಏರ್ಪಾಟು ಮಾಡಿದ್ದರು. 2020ರಲ್ಲಿ ಬಂದ ಎಂಕೆ3ಎಸ್ ಪ್ಲಸ್‌ಗೆ ಬಿಸಿಗೆ ಅಷ್ಟಾಗಿ ಅಲುಗದ ಸೂಪರ್‌ಪಿಂಡಾ ಹಾಕಿ ಆ ತಿದ್ದುಪಡಿಯನ್ನೇ ತೆಗೆದರು.

ಇನ್ನು ‘ಕಾದ ಯಂತ್ರ’ ಎನ್ನುವುದೂ ನಂಬಿ ಕೂರುವಂಥದ್ದಲ್ಲ. ತಟ್ಟೆ ಬಿಡಿಸಲೆಂದು ಬೆಡ್ ಆರಿಸಿ, ಬಾಗಿಲು ತೆಗೆದು, 50ಕ್ಕೆ ಇಳಿಯುವವರೆಗೆ ಬಿಟ್ಟರೆ ಪೆಟ್ಟಿಗೆಯ ಬಿಸಿ ಮುಕ್ಕಾಲು ಹೊರಗೆ ಹೋಗಿರುತ್ತದೆ. ಅದು ಬೆಳಗಿನ ಯಂತ್ರವೂ ಅಲ್ಲ, ಮಧ್ಯಾಹ್ನದ್ದೂ ಅಲ್ಲ. ಅದಕ್ಕೆ ಸ್ಪ್ರಿಂಗ್ ಸ್ಟೀಲ್ ಹಾಳೆ ಎರಡು ಇಟ್ಟುಕೊಂಡಿದ್ದೇನೆ. ಬೆಡ್ ಆರಿಸುವುದಿಲ್ಲ. ಬಾಗಿಲು ಒಂದು ಗಳಿಗೆ ತೆಗೆದು ಬಟ್ಟೆ ಹಿಡಿದು ಹಳೆ ಹಾಳೆಯನ್ನು ಮ್ಯಾಗ್ನೆಟ್ಟಿನಿಂದ ಎತ್ತಿ, ತಣ್ಣನೆಯದನ್ನು ಕೂರಿಸಿ ಬಾಗಿಲು ಹಾಕುತ್ತೇನೆ. ಪವರ್ ಒಮ್ಮೆ ಮೇಲಕ್ಕೆ ಹಾರಿ ಕೆಲವೇ ನಿಮಿಷದಲ್ಲಿ ಮೊದಲಿನ ಮಟ್ಟಕ್ಕೆ ಬರುತ್ತದೆ. ಆ ಹಾಳೆ ಎತ್ತುವ ಕೆಲಸವನ್ನು ಈಗ ಹುಡುಗನೇ ವಹಿಸಿಕೊಂಡಿದ್ದಾನೆ.

“ಅಂಕಲ್, 30ಕ್ಕೆ ಬಂತು, ಒತ್ಲಾ?” ಎನ್ನುತ್ತಾನೆ ಈಚೆಗೆ. ಡಿಗ್ರಿಯ ಸುದ್ದಿಯನ್ನೇ ಎತ್ತುವುದಿಲ್ಲ.