ಆಲಿಸಳ ದೇಶದ ಕತ್ತಿ ರಾಜ

ನಮ್ಮ ಹೇಮಗುಡ್ಡದ ಕಡೆ ಬಯಲಾಟದಾಗ ಸಾರಥಿ ಅಂತ ಒಬ್ಬ ಇರ್ತಾನೆ. ರಾಜ ಕುಣಿದು ತನ್ನ ಪ್ರತಾಪ ಹೇಳಿಕೊಳ್ಳುವಾಗ ನಡುವೆ ಬಾಯಿ ಹಾಕಿ ನಗಿಸೋದು ಅವನ ಕೆಲಸ. ನಾನು ಆರನೇ ಕ್ಲಾಸಲ್ಲಿದ್ದಾಗ ಒಬ್ಬ ಸಾರಥಿ, “ನಿಮ್ಮ ರಾಜ್ಯದಾಗ ಬೋರ್‌ವೆಲ್ಲೆಲ್ಲಾ ಅರಮನಿ ಹಿತ್ತಲದಾಗ ಯಾಕ ಬೀಳ್ತಾವ್ರಿ ಮಹಾರಾಜ್ರ?” ಅಂದ. ಊರೇ ನಕ್ಕಿತು. ಬೋರ್ ಬಿದ್ದಿದ್ದು ಯಾರ ಹಿತ್ತಲಲ್ಲೋ ಆ ಹಿರಿಯರು ಮುಂದಿನ ಕುರ್ಚಿಯಲ್ಲೇ ಕೂತಿದ್ದರು. ಅವರೂ ನಕ್ಕರು. ಸಿಟ್ಟಾದರೆ ಆ ಮಾತು ತಮಗೇ ಅಂತ ಒಪ್ಪಿಕೊಂಡಂತೆ.

ಇದು ನೆನಪಾಗಿದ್ದು ಬೆಂಗಳೂರಿನ ಆಫೀಸಿನಲ್ಲಿ, ಸೆರು ಹಿರಾನ್ ಅನ್ನೋ ಅರ್ಜೆಂಟೀನಾದ ರಾಕ್ ಬ್ಯಾಂಡ್ ಕೇಳುವಾಗ. ಅಲ್ಲಿ 1976ರ ಮಾರ್ಚಿನಲ್ಲಿ ಸೈನ್ಯ ಅಧಿಕಾರ ಹಿಡಿದಿತ್ತು. ರೇಡಿಯೋದಲ್ಲಿ ಹಾಕಬಾರದ ಹಾಡುಗಳ ಪಟ್ಟಿಯನ್ನೇ ಸರ್ಕಾರ ಇಟ್ಟುಕೊಂಡಿತ್ತು. ಬ್ಯಾಂಡಿನ ಚಾರ್ಲಿ ಗಾರ್ಸಿಯಾಗೆ ಕತ್ತರಿಯ ರುಚಿ ಮೊದಲೇ ಗೊತ್ತು. ಸೈನ್ಯ ಬರೋ ಮುಂಚೆಯೇ, 1974ರಲ್ಲಿ, ಅವನ ಹಳೆಯ ಜೋಡಿ ಸುಯಿ ಹೆನೆರಿಸ್‌ನ ಆಲ್ಬಮ್ಮಿನಿಂದ ಎರಡು ಹಾಡು ತೆಗೆಸಿದ್ದರು. ಒಂದರ ಹೆಸರು ‘ಹುಚ್ಚು ಬೂಟುಗಳು’, ಇನ್ನೊಂದು ‘ದಬ್ಬಾಳಿಕೆ ಹುವಾನ್’. ಹೆಸರು ಓದಿದರೇ ಸಾಕು, ಹಾಡು ಕೇಳೋ ಕಷ್ಟವೂ ಇಲ್ಲ.

1980ರ ‘ಬಿಸಿಕ್ಲೇತಾ’ ಆಲ್ಬಮ್ಮಿನಲ್ಲಿ ಅವನು ಮಕ್ಕಳ ಕಥೆ ಹಿಡಿದ. ಮೊದಲು ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಆಧರಿಸಿದ ಸಿನಿಮಾಕ್ಕೆ ಬರೆದ ಹಾಡಂತೆ. ಸ್ಪ್ಯಾನಿಷ್‌ನಲ್ಲಿ ಆ ಪುಸ್ತಕದ ಹೆಸರು ‘ಅದ್ಭುತಗಳ ದೇಶದಲ್ಲಿ ಆಲಿಸ್’. ಚಾರ್ಲಿ ಹಾಡಿಗೆ ಇಟ್ಟ ಹೆಸರಲ್ಲಿ ‘ಅದ್ಭುತಗಳ’ ಹಾರಿಹೋಗಿ, ಬರೀ ‘ದೇಶದಲ್ಲಿ’ ಅಂತ ಉಳಿದಿದೆ. ಯಾವ ದೇಶ ಅಂತ ಕೇಳುಗರಿಗೆ ಹೇಳಬೇಕೇ?

ನನಗಂತೂ ಹೇಳಬೇಕಾಯ್ತು. ಇಂಗ್ಲಿಷ್ ಅನುವಾದ ಓದಿದರೂ ಆಮೆ, ವಾಲ್ರಸ್, ಇಸ್ಪೀಟಿನ ರಾಜ, ಎಲ್ಲ ಚಂದದ ಕಥೆಯೇ. ಬ್ಯೂನಸ್ ಐರಿಸ್‌ನ ಸಹೋದ್ಯೋಗಿಯೊಬ್ಬ ವಿಡಿಯೋ ಕಾಲ್‌ನಲ್ಲಿ ಬಿಡಿಸಿ ಹೇಳಿದ. 1966ರಲ್ಲಿ ಸೈನ್ಯ ಇಳಿಸಿದ ಅಧ್ಯಕ್ಷ ಇಲ್ಯಾ ನಿಧಾನಸ್ಥ, ಪತ್ರಿಕೆಗಳು ಅವರನ್ನ ಆಮೆ ಅಂತಿದ್ದವು. ಅವರ ಜಾಗಕ್ಕೆ ಬಂದ ಜನರಲ್ ಒಂಗಾನಿಯಾ ಯಾಕೆ ವಾಲ್ರಸ್ ಅಂದರೆ, ಸಹೋದ್ಯೋಗಿ ಮಾತಾಡದೆ ಮೇಲ್ದುಟಿಯ ಮೇಲೆ ಬೆರಳಿಂದ ದಪ್ಪ ಮೀಸೆ ಎಳೆದು ತೋರಿಸಿದ. ಇನ್ನು ಇಸ್ಪೀಟಿನ ರಾಜ. ನಮ್ಮ ಎಲೆಯಲ್ಲಿ ಸ್ಪೇಡ್ ಇರೋ ಕಡೆ ಸ್ಪ್ಯಾನಿಷ್ ಎಲೆಯಲ್ಲಿ ನಿಜವಾದ ಕತ್ತಿಗಳಿರ್ತಾವೆ. ಹಾಗಾಗಿ ನಿರಪರಾಧಿಗಳನ್ನೇ ಅಪರಾಧಿ ಅನ್ನೋ ಆ ರಾಜ, ಕತ್ತಿ ಹಿಡಿದ ರಾಜ.

ಸೆನ್ಸಾರಿನವರಿಗೆ ಇದೆಲ್ಲ ತಿಳಿಯಲಿಲ್ಲ ಅಂತ ನನಗೆ ಅನ್ನಿಸಲ್ಲ. ಆದರೆ ಹಾಡು ತಡೆಯಬೇಕಾದರೆ ‘ವಾಲ್ರಸ್ ಅಂದರೆ ನಮ್ಮ ಜನರಲ್ಲು’ ಅಂತ ಯಾರೋ ಫೈಲಿನಲ್ಲಿ ಬರೆದು ಸಹಿ ಹಾಕಬೇಕಲ್ಲ!

ನಾನೂ ಖುಷಿಯಾಗಿ ಸಹೋದ್ಯೋಗಿಗೆ ನಮ್ಮೂರ ಸಾರಥಿಯ ಮಾತನ್ನ ಇಂಗ್ಲಿಷಲ್ಲಿ ಹೇಳಿದೆ. ಅವನು ನಗಲಿಲ್ಲ. ಸ್ವಲ್ಪ ಯೋಚಿಸಿ ಕೇಳಿದ, “ಬೋರ್‌ವೆಲ್ ಅಂದರೆ ಯಾರು?”