ಏನೂ ಬೇಡದವರಿಗೊಂದು ಉಡುಗೊರೆ

ಎಪ್ಪತ್ತರ ಹೊಸ್ತಿಲಿನಲ್ಲಿ ನಿಂತ ತಂದೆಯು ತಮಗೇನೂ ಬೇಡವೆಂದರೆ, ಮಕ್ಕಳಾದವರು ಅದನ್ನು ವೈರಾಗ್ಯವೆಂದಾಗಲಿ ಹಟವೆಂದಾಗಲಿ ತಿಳಿಯುವುದು ರೂಢಿ. ಶಿವಮೊಗ್ಗೆಯಲ್ಲಿ ಉಪಾಧ್ಯಾಯರಾಗಿದ್ದು ನಿವೃತ್ತರಾದ ರಾಯರ ಮಗನೂ ಹಾಗೆಯೇ ತಿಳಿದಿದ್ದನು. ಭೀಮರಥ ಶಾಂತಿಗೆ ಇನ್ನೊಂದು ತಿಂಗಳಿರುವಾಗ ಆತನು ಕೇಳಿದ್ದಕ್ಕೆ ರಾಯರು, "ನನಗೇನೂ ಬೇಡಪ್ಪ, ಇದ್ದುದೇ ಹೆಚ್ಚಾಗಿದೆ" ಎಂದರು. ಮಾತು ಸುಳ್ಳಲ್ಲ. ಅರವತ್ತರ ಶಾಂತಿಗೆ ಬಂದ ಶಾಲುಗಳು ನುಸಿಗುಳಿಗೆಯೊಡನೆ ಪೆಟ್ಟಿಗೆಯಲ್ಲಿದ್ದವು. ಊರುಗೋಲು ನೆರೆಮನೆಯ ಮುದುಕರ ಪಾಲಾಗಿತ್ತು.

ಏನು ಬೇಕೆಂದು ಕೇಳುವುದನ್ನು ಬಿಟ್ಟು, ಮಗನು ತಂದೆಯ ಕೈಗಳನ್ನು ನೋಡತೊಡಗಿದನು. ರಾಯರು ದಿನವೂ ಬೆಳಗ್ಗೆ ಕುಮಾರವ್ಯಾಸನ ಭಾರತವನ್ನು ಓದುವರು. ಅದು 1958ರಲ್ಲಿ ಕುವೆಂಪು, ಮಾಸ್ತಿಯವರ ಸಂಪಾದಕತ್ವದಲ್ಲಿ ಮೈಸೂರು ಸರಕಾರವು ಎರಡು ರೂಪಾಯಿಗೆ ಕೊಟ್ಟ ಪ್ರತಿ. ರಾಯರ ತಾಯಿ ಕೊಂಡದ್ದು. ಆಕೆ ಕೇರಿಯ ಹೆಂಗಸರಿಗೆ ಅದನ್ನು ರಾಗವಾಗಿ ಓದಿ ಹೇಳುತ್ತಿದ್ದವರು; ಯಾವ ಪದ್ಯಕ್ಕೆ ಮೋಹನ, ಯಾವುದಕ್ಕೆ ಕಾಂಬೋಧಿ ಎಂಬುದನ್ನು ಅಂಚಿನಲ್ಲಿ ಸೀಸದ ಕಡ್ಡಿಯಿಂದ ಬರೆದಿಟ್ಟಿದ್ದರು. ರಾಯರು ಪುಸ್ತಕದ ಒಂದು ಮಗ್ಗುಲಿನ ಮೇಲೆ ಕನ್ನಡಕದ ಗೂಡನ್ನು ಹೇರಿ, ಇನ್ನೊಂದನ್ನು ಅಂಗೈಯಿಂದ ಅದುಮಿ ಹಿಡಿಯುವರು. ಕೈಯೆತ್ತಿದರೆ ಪುಸ್ತಕವು ಬಾಯಿ ಮುಚ್ಚುವುದು. ಓದಿ ಮುಗಿದ ಮೇಲೆ ಅದಕ್ಕೊಂದು ದಾರ ಸುತ್ತುವರು.

ಹೊಸ ಪ್ರತಿಯನ್ನು ಕೊಳ್ಳಬಹುದಾಗಿತ್ತು. ಆದರೆ ಅದರಲ್ಲಿ ಕಾಂಬೋಧಿ ಇರುತ್ತಿರಲಿಲ್ಲ. ಆದುದರಿಂದ ಮಗನು ಹಳೆಯದನ್ನೇ ಹೊಸದಾಗಿ ಕಟ್ಟಿಸಲು ನಿಶ್ಚಯಿಸಿ, ಒಂದು ಮಧ್ಯಾಹ್ನ ರಾಯರು ಮಲಗಿದ್ದಾಗ ರಸೀದಿ ಪುಸ್ತಕ ಕಟ್ಟುವ ಅಂಗಡಿಗೆ ಕೊಂಡೊಯ್ದನು. ಅಂಗಡಿಯವನು, "ನಾಳೆಯೇ ಕೊಡುತ್ತೇನೆ. ಮೂರು ಕಡೆ ಅಂಚು ಕತ್ತರಿಸಿದರೆ ಹೊಸದರ ಹಾಗೆ ಕಾಣುತ್ತದೆ" ಎಂದನು. ಮಗನು ಹಾಳೆಗಳನ್ನು ಮಗುಚಿ ನೋಡಿದನು. ಎಷ್ಟೋ ಕಡೆ ಬರವಣಿಗೆಯು ಅಂಚಿಗೆ ತಾಗಿತ್ತು. ಕೆಲವೆಡೆ ರಾಗದ ಹೆಸರು ಆಗಲೇ ಅರ್ಧ ಹೋಗಿತ್ತು. ಪುಸ್ತಕವನ್ನು ಮರಳಿ ತಂದನು.

ವಿಚಾರಿಸಲಾಗಿ, ಹಳೆಯ ಕ್ರಮದಲ್ಲಿ ಕಟ್ಟುವ ವೃದ್ಧರೊಬ್ಬರು ಸಿಕ್ಕಿದರು. ಅವರು ಮೊದಲು ಕೊನೆಯ ಖಾಲಿ ಹಾಳೆಯ ಮೂಲೆಯನ್ನು ಹಿಂದಕ್ಕೂ ಮುಂದಕ್ಕೂ ಮಡಿಸಿ ನೋಡಿದರು. ಒಂದೇ ಮಡಿಕೆಗೆ ಮುರಿದರೆ ಕಾಗದವು ದಾರವನ್ನು ತಾಳದು. ಅಂಥದನ್ನು ಹೊಲಿಯದೆ ಪೆಟ್ಟಿಗೆಯಲ್ಲಿಡುವುದೇ ಲೇಸು. ಇದು ಆರನೆಯ ಮಡಿಕೆಗೆ ಮುರಿಯಿತು. ಬಾಯಿ ಮುಚ್ಚುವ ಕಾರಣವನ್ನೂ ಅವರೇ ತೋರಿಸಿದರು: ಹಿಂದೆ ಯಾರೋ ಬೆನ್ನಿನಿಂದ ಅರ್ಧ ಅಂಗುಲ ಒಳಗೆ ತೂತು ಕೊರೆದು, ಮೇಲಿನಿಂದ ಕೆಳಗೆ ಒಂದೇ ಬಾರಿಗೆ ದಾರ ಬಿಗಿದಿದ್ದರು. ಹಾಗೆ ಹೊಲಿದ ದಪ್ಪ ಪುಸ್ತಕವು ಎಂದೂ ಅಂಗಾತ ಬೀಳದು. ಆ ದಾರವನ್ನು ಕತ್ತರಿಸಿ, ಫಾರಂಗಳನ್ನು ಬಿಡಿಸಿ, ಹರಿದ ಮಡಿಕೆಗಳಿಗೆ ತೆಳುಕಾಗದದ ಪಟ್ಟಿಯನ್ನು ಹಿಟ್ಟಿನ ಸರಿಯಿಂದ ಅಂಟಿಸಿ, ಒಂದೊಂದು ಫಾರಮ್ಮನ್ನೂ ಅದರ ಮಡಿಕೆಯ ನಡುವೆ ನೂಲಿನ ಪಟ್ಟಿಗಳಿಗೆ ಸೇರಿಸಿ ಹೊಲಿಯಬೇಕು. ಅಂಟಿಸಿದ್ದು ಭಾರದಡಿಯಲ್ಲಿ ಚೆನ್ನಾಗಿ ಆರಬೇಕು; ಅವಸರ ಮಾಡಿದರೆ ಹಾಳೆ ಸುಕ್ಕುಗಟ್ಟುವುದು, ಮಳೆಗಾಲವಾದರೆ ಬೂಸಲೂ ಹಿಡಿಯುವುದು. "ಹದಿನೈದು ದಿನ ಬೇಕು. ಹಳದಿ ಬಣ್ಣ ಹೋಗುವುದಿಲ್ಲ, ಕಾಗದಕ್ಕೆ ಪ್ರಾಯವನ್ನು ನಾನು ಕೊಡಲಾರೆ" ಎಂದರು.

ಹದಿನೈದು ದಿನವೆಂದಮೇಲೆ ಗುಟ್ಟು ಉಳಿಯುವಂತಿರಲಿಲ್ಲ. ಮಗನು ಅಂಜುತ್ತಲೇ ತಂದೆಯ ಮುಂದೆ ವಿಷಯವೆತ್ತಿದನು.

"ಅದು ಹಾಗೆಯೇ ಇರಲಿ" ಎಂದರು ರಾಯರು. ಸ್ವಲ್ಪ ಹೊತ್ತಿನ ಮೇಲೆ, "ಅಂಚು ಕತ್ತರಿಸುವುದಿಲ್ಲ ತಾನೆ?" ಎಂದು ಕೇಳಿದರು.

"ಇಲ್ಲ ಅಪ್ಪ."

ತಾಯಿ ತೀರಿಹೋದ ವರ್ಷ ಪುಸ್ತಕವನ್ನು ಕಟ್ಟಿಸಿದವರು ರಾಯರೇ. ಅಂಚು ಹೋದುದನ್ನು ಮನೆಗೆ ಬಂದು ಬಿಚ್ಚಿದಾಗ ಕಂಡರಂತೆ. ಅದನ್ನು ಅಂದಿನಿಂದ ಯಾರ ಕೈಗೂ ಕೊಟ್ಟಿರಲಿಲ್ಲ. ಕೈ ಸೋತಿದ್ದರೂ ಬಾಯಿಬಿಟ್ಟಿರಲಿಲ್ಲ. ಮರುದಿನ ಬೆಳಗ್ಗೆ ದಾರ ಸುತ್ತಿದ ಪುಸ್ತಕವು, ಒಗೆದ ಪಂಚೆಯೊಂದರಲ್ಲಿ ಸುತ್ತಿಟ್ಟು, ಮಗನ ಮೇಜಿನ ಮೇಲಿತ್ತು.

ಶಾಂತಿಯ ದಿನ ಹೋಮ ಮುಗಿದು, ನೆಂಟರು ಊಟಕ್ಕೆ ಏಳುವ ಹೊತ್ತಿಗೆ ಪುಸ್ತಕವು ವ್ಯಾಸಪೀಠದ ಮೇಲೆ ಬಂದಿತು. ರಾಯರು ಕರ್ಣಪರ್ವವನ್ನು ತೆರೆದರು. ರೂಢಿಯಂತೆ ಕನ್ನಡಕದ ಗೂಡನ್ನು ಎತ್ತಿಕೊಂಡವರು, ಹಾಳೆಗಳು ತಾವಾಗಿಯೇ ಮಲಗಿದ್ದುದನ್ನು ಕಂಡು, ಅದನ್ನು ಕೆಳಗಿಟ್ಟರು. ಹಳೆಯ ಹೊಲಿಗೆಯು ನುಂಗಿದ್ದ ಒಳಅಂಚು ಈಗ ಹೊರಬಿದ್ದಿತ್ತು; ತೂತುಗಳ ಸಾಲಿನ ಪಕ್ಕದಲ್ಲಿ ಸೀಸದ ಕಡ್ಡಿಯ ಸಣ್ಣ ಅಕ್ಷರಗಳು. ರಾಯರು ಬಗ್ಗಿ, "ನೀಲಾಂಬರಿ" ಎಂದು ಓದಿದರು. "ಇದನ್ನು ನಾನು ಇಷ್ಟು ವರ್ಷವೂ ಮೋಹನದಲ್ಲಿ ಓದುತ್ತಿದ್ದೆನಲ್ಲ!"

ಎಲೆ ಹಾಕಿದೆಯೆಂದು ಒಳಗಿನಿಂದ ಎರಡು ಸಲ ಕರೆ ಬಂದಿತು. ರಾಯರು ಬಿಡುಗಡೆಯಾದ ಕೈಯಿಂದ ತೊಡೆಯ ಮೇಲೆ ಮೆಲ್ಲಗೆ ತಟ್ಟುತ್ತ, ಆ ಪದ್ಯಕ್ಕೆ ನೀಲಾಂಬರಿಯನ್ನು ಹುಡುಕುತ್ತಿದ್ದರು.