ಗುಂಡುಸೂಜಿಯಿಂದ ಫ್ಲೆಕ್ಸ್‌ವರೆಗೆ

ಸಸ್ಯರೋಗಶಾಸ್ತ್ರದ ಸಮ್ಮೇಳನವೊಂದರಲ್ಲಿ ನಾನು ಮೊದಲ ಸಲ ಪೋಸ್ಟರ್‌ಗಳಿಗೆ ಅಂಕ ಹಾಕಿದ್ದು 1994ರಲ್ಲಿ. ಆಗ ಪೋಸ್ಟರ್ ಎಂದರೆ ಹತ್ತು-ಹನ್ನೆರಡು ಎ4 ಹಾಳೆ, ಸ್ಟುಡಿಯೋದಲ್ಲಿ ತೊಳೆಸಿ ತಂದ ನಾಲ್ಕು ಫೋಟೊ, ಸ್ಕೆಚ್ ಪೆನ್ನಿನಲ್ಲಿ ಬರೆದ ಶೀರ್ಷಿಕೆ. ಎಲ್ಲವನ್ನೂ ಬೋರ್ಡಿಗೆ ಗುಂಡುಸೂಜಿಯಲ್ಲಿ ಚುಚ್ಚುತ್ತಿದ್ದರು. ಅಕ್ಷರ ಸಣ್ಣದೇ. ಆದರೆ ಒಂದು ಹಾಳೆಗೆ ಒಂದೇ ವಿಷಯ, ಹಾಳೆಗಳು ಒಂದರ ಕೆಳಗೊಂದು. ಎಲ್ಲಿಂದ ಶುರು, ಮುಂದೆ ಎಲ್ಲಿಗೆ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಎಲ್ಲೋ ಎಡವಟ್ಟಾದರೂ ತಿದ್ದಬಹುದಿತ್ತು: ಓದುವವರು ತಡವರಿಸುವುದನ್ನು ಕಂಡ ಹುಡುಗನೊಬ್ಬ ಊಟದ ಬಿಡುವಿನಲ್ಲಿ ಸೂಜಿ ಕಿತ್ತು, ಫಲಿತಾಂಶದ ಹಾಳೆಯನ್ನು ಮೇಲಕ್ಕೆ ತಂದು ಚುಚ್ಚಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಆಮೇಲೆ ಫ್ಲೆಕ್ಸ್ ಬಂತು. ಮದುವೆ, ಜಾತ್ರೆಗಳ ಬ್ಯಾನರ್ ಹಾಕುವ ಅಂಗಡಿಯಲ್ಲೇ ಎ0 ಅಳತೆಯ ಪೋಸ್ಟರ್ ಒಂದೇ ತುಂಡಾಗಿ ಸಿಗತೊಡಗಿತು. 84 ಸೆಂಟಿಮೀಟರ್ ಅಗಲ, 119 ಸೆಂಟಿಮೀಟರ್ ಎತ್ತರ. ಅಷ್ಟು ಜಾಗ ಸಿಕ್ಕಿದ್ದೇ ತಡ, ಪ್ರಬಂಧವನ್ನೇ ಎತ್ತಿ ತಂದು ಸುರಿಯುವ ರೂಢಿ ಬೆಳೆಯಿತು. ತಪ್ಪು ಕಂಡರೂ ಕಿತ್ತು ಚುಚ್ಚಲು ಅಲ್ಲಿ ಸೂಜಿಯಿಲ್ಲ.

ಒಂದು ಪೋಸ್ಟರ್ ಅನ್ನು ಇಲ್ಲಿ ಬಿಡಿಸಿ ಹೇಳಬೇಕು. ಅಡಿಕೆಯ ಕೊಳೆರೋಗದ ಮೇಲೆ ಹುಡುಗಿಯೊಬ್ಬಳು ಮಾಡಿದ ಒಳ್ಳೆಯ ಕೆಲಸ ಅದು. ಶೇ 1ರ ಬೋರ್ಡೋ ದ್ರಾವಣದ ಎರಡನೇ ಸಿಂಪಡಣೆ ತಡವಾದರೆ ಕಾಯಿ ಎಷ್ಟು ಉದುರುತ್ತದೆ ಎಂಬುದು ಪ್ರಶ್ನೆ. ನಾನು ಎರಡು ಹೆಜ್ಜೆ ದೂರದಲ್ಲಿ, ಅಂದರೆ ಸುಮಾರು ಒಂದೂವರೆ ಮೀಟರ್ ಹಿಂದೆ ನಿಂತೆ. ಜನ ನಿಲ್ಲುವುದು ಅಲ್ಲೇ. ಶೀರ್ಷಿಕೆಯ ಹೊರತು ಏನೂ ಓದಲಾಗಲಿಲ್ಲ.

ಮೂರು ಕಾಲಮ್ಮುಗಳಿದ್ದವು. ನಡುವೆ ದೊಡ್ಡ ಕೋಷ್ಟಕವೊಂದು ಮೊದಲೆರಡು ಕಾಲಮ್ಮುಗಳಿಗೆ ಅಡ್ಡವಾಗಿ ಮಲಗಿತ್ತು. ಮೊದಲ ಕಾಲಮ್ಮನ್ನು ಓದುತ್ತ ಕೋಷ್ಟಕ ಮುಟ್ಟಿದವರು ಅದನ್ನು ದಾಟಿ ಕೆಳಗಿಳಿಯಬೇಕೋ, ಪಕ್ಕದ ಕಾಲಮ್ಮಿನ ನೆತ್ತಿಗೆ ಹೋಗಬೇಕೋ? ನಾನು ಪಕ್ಕಕ್ಕೆ ಸರಿದು ನಿಂತು ಓದುಗರ ಕಣ್ಣನ್ನೇ ನೋಡಿದೆ. ಕೆಲವರು ಕೆಳಗಿಳಿದರು, ಕೆಲವರು ಪಕ್ಕಕ್ಕೆ ಹೋದರು. ಪಕ್ಕಕ್ಕೆ ಹೋದವರು ಪ್ರಯೋಗದ ವಿಧಾನವನ್ನೇ ಬಿಟ್ಟು ನೇರ ಫಲಿತಾಂಶಕ್ಕೆ ಬಿದ್ದು, ಮತ್ತೆ ಹಿಂದಕ್ಕೆ ಹುಡುಕುತ್ತಿದ್ದರು. ಓದಿನ ದಾರಿ ತಪ್ಪಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಗುರುತು ಬೇಡ.

ಇನ್ನು ಚಿತ್ರಗಳು. ಆರು ಗ್ರಾಫ್‌ಗಳು, ಒಂದೊಂದೂ ಗೇಣಗಲಕ್ಕಿಂತ ಕಡಿಮೆ. ಅವು ಪತ್ರಿಕೆಗೆಂದು ಮಾಡಿದವು. ಪತ್ರಿಕೆಯ ಒಂದು ಕಾಲಮ್ಮಿನಲ್ಲಿ ಚಿತ್ರದ ಅಗಲ ಸುಮಾರು ಎಂಟೂವರೆ ಸೆಂಟಿಮೀಟರ್, ಅದರ ಅಕ್ಷದ ಬರಹ 8 ಪಾಯಿಂಟ್. ಅದನ್ನು 17 ಸೆಂಟಿಮೀಟರ್‌ಗೆ ಹಿಗ್ಗಿಸಿದರೆ ಅಕ್ಷರ 16 ಪಾಯಿಂಟ್ ಆಗುತ್ತದೆ, ಅಷ್ಟೇ. ನಿಂತು ಓದಲು 24 ಪಾಯಿಂಟ್ ಆದರೂ ಬೇಕು. ಅದಕ್ಕೆ ಚಿತ್ರ ಮೂರು ಪಟ್ಟು, ಸುಮಾರು ಇಪ್ಪತ್ತೈದೂವರೆ ಸೆಂಟಿಮೀಟರ್ ಅಗಲ ಆಗಬೇಕು. ಆರು ಗ್ರಾಫ್‌ಗಳನ್ನು ಹಾಗೆ ಹಿಗ್ಗಿಸಿದರೆ ಉಳಿದದ್ದಕ್ಕೆ ಜಾಗ ಸಾಲದು. ಹಾಗಾಗಿ ಯಾವ ಎರಡು ಉಳಿಯಬೇಕು ಎಂಬುದೇ ನಿಜವಾದ ಪ್ರಶ್ನೆ.

ಅಂಕ ಬರೆದಾದ ಮೇಲೆ ಅವಳನ್ನೇ ಕೇಳಿದೆ: "ಒಂದೇ ಚಿತ್ರ ಇಟ್ಟುಕೊಳ್ಳಮ್ಮ ಅಂದರೆ ಯಾವುದು ಇಟ್ಟುಕೊಳ್ತೀಯ?"

ಅವಳು ತಡಮಾಡದೆ ಬಲಗಡೆ ಕೆಳಮೂಲೆಯದನ್ನು ತೋರಿಸಿದಳು. "ಇದೇ ಸರ್, ತಡವಾದ ದಿನಕ್ಕೂ ಉದುರಿದ ಕಾಯಿಗೂ ಇರೋ ಸಂಬಂಧ."

ಅದು ಮೊಣಕಾಲಿನ ಮಟ್ಟದಲ್ಲಿತ್ತು. ಯಾರೂ ಬಗ್ಗಿ ನೋಡಿರಲಿಲ್ಲ.

ಪದಗಳನ್ನು ಎಣಿಸಿದರೆ ಸಾವಿರದ ಮೇಲಿದ್ದವು. ಬೋರ್ಡಿನ ಮುಂದೆ ಜನ ನಿಲ್ಲುವುದು ಮೂರೋ ನಾಲ್ಕೋ ನಿಮಿಷ, ಅದರಲ್ಲಿ ಅರ್ಧ ಮಾತಿಗೆ ಹೋಗುತ್ತದೆ. ನಾಲ್ಕುನೂರು ಪದ ದಾಟಿತೆಂದರೆ ನಾನು ಅಂಕ ಕಳೆಯುತ್ತೇನೆ. ಮೊದಲು ತೆಗೆಯಬೇಕಾದದ್ದು ಸಾರಾಂಶ. ಪೋಸ್ಟರೇ ಸಾರಾಂಶವಾಗಿರುವಾಗ ಅದಕ್ಕೊಂದು ಸಾರಾಂಶ ಯಾಕೆ? ಸಮ್ಮೇಳನದ ಪುಸ್ತಕದಲ್ಲಿ ಅದು ಹೇಗೂ ಅಚ್ಚಾಗಿರುತ್ತದೆ. ಆಮೇಲೆ ದ್ರಾವಣದ ಅಳತೆ: ತಾಮ್ರದ ಸಲ್ಫೇಟ್ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್ ಎಂಬ ವಿವರಣೆಗೇ ಅವಳು ಒಂದು ಪ್ಯಾರಾ ಕೊಟ್ಟಿದ್ದಳು. ಆ ಸಭಾಂಗಣದಲ್ಲಿದ್ದವರಿಗೆ ಅದು ಬಾಯಿಪಾಠ.

2019ರಲ್ಲಿ ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರದ ಸಂಶೋಧನಾ ವಿದ್ಯಾರ್ಥಿ ಮೈಕ್ ಮಾರಿಸನ್ ಒಂದು ವಿಡಿಯೊ ಮಾಡಿ, ಪೋಸ್ಟರ್‌ನ ನಡುವೆ ಒಂದೇ ವಾಕ್ಯವನ್ನು ದೊಡ್ಡದಾಗಿ ಬರೆಯಿರಿ, ವಿವರ ಬದಿಗಿರಲಿ ಎಂದ. ನಮ್ಮ ಹುಡುಗರೂ ಅದನ್ನು ಹಿಡಿದರು. ದೂರದಿಂದಲೇ ವಿಷಯ ತಿಳಿಯುತ್ತದೆ, ಒಪ್ಪಿದೆ. ಆದರೆ ಸಸ್ಯರೋಗದಲ್ಲಿ ಫೋಟೊವೇ ಪುರಾವೆ. ಕೊಳೆತ ಕಾಯಿಯ ಮೇಲಿನ ಬಿಳಿ ಬೂಷ್ಟು ಕಾಣದಷ್ಟು ಚಿತ್ರ ಕುಗ್ಗಿದರೆ ಆ ವಾಕ್ಯವನ್ನು ನಾನು ಯಾವ ಆಧಾರದ ಮೇಲೆ ನಂಬಲಿ? ವಾಕ್ಯದ ಕೆಳಗೇ ಆ ಒಂದು ಚಿತ್ರ ದೊಡ್ಡದಾಗಿ ಇರಲೇಬೇಕು.

ಕೊಳೆರೋಗದ ಪೋಸ್ಟರ್ ಮಾಡಿದ್ದ ಆ ಹುಡುಗಿ ಅದರ ಮರುವರ್ಷ ಮತ್ತೆ ಬಂದಳು. ಎರಡೇ ಕಾಲಮ್ಮು, ಒಂದು ಫೋಟೊ, ಆ ಗ್ರಾಫ್ ಕಣ್ಣಿನ ಮಟ್ಟದಲ್ಲಿ. ಅಂಗಡಿಗೆ ಕೊಡುವ ಮೊದಲು ಎ4 ಹಾಳೆಯಲ್ಲಿ ಒಂದು ಪ್ರತಿ ತೆಗೆದು ನೋಡಿದ್ದಳಂತೆ. ಎ0 ಹಾಳೆಯ ಅಗಲ, ಎತ್ತರ ಎರಡೂ ಕಾಲು ಭಾಗಕ್ಕೆ ಕುಗ್ಗಿದರೆ ಎ4, ಅಲ್ಲಿ 24 ಪಾಯಿಂಟ್ ಅಕ್ಷರ 6 ಪಾಯಿಂಟ್ ಆಗಿರುತ್ತದೆ. ಕೈಯಲ್ಲಿ ಹಿಡಿದು ಓದಲಾಗದ್ದನ್ನು ಗೋಡೆಯ ಮೇಲೂ ಯಾರೂ ಓದಲಾರರು. ಪೋಸ್ಟರ್ ಮಾಡುವವರೇ, ಫ್ಲೆಕ್ಸ್ ಅಂಗಡಿಗೆ ಹೋಗುವ ಮುನ್ನ ಆ ಒಂದು ಹಾಳೆ ತೆಗೆದು ನೋಡಿ.